ಮುಂಗಾಲಿನ ತುಂಡು ಮೆತ್ತಗಾಗುವ ಹೊತ್ತು

ಕೇಳುಗರಿಗೆ ನಮಸ್ಕಾರ. ನಮ್ಮ ಸಕಲೇಶಪುರದ ಕಡೆ ಮಳೆ ಹಿಡಿದ ಭಾನುವಾರ ಮಟನ್ ಅಂಗಡಿಯಲ್ಲಿ ಬಹಳ ಜನ ಕೇಳುವುದು ತೊಡೆ ಮಾಂಸ. ನಾನು ಕೇಳುವುದು ಮುಂಗಾಲಿನ ನಲ್ಲಿ ತುಂಡು. ಮೂಳೆ ಸುತ್ತ ಬಿಳಿ ಪದರ, ನರ ತುಂಬಿರುತ್ತದೆ. ಬಲಿತ ಕುರಿಯದಾದರೆ ಇನ್ನೂ ಗಟ್ಟಿ. ಆದರೆ ರುಚಿ ಇರುವುದೇ ಆ ಬಿಳಿ ಪದರದಲ್ಲಿ. ಅದು ಕೊಲಾಜೆನ್. ನೀರಿನ ಜೊತೆ ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿದ್ದರೆ ಕರಗಿ, ಅಂಟಾದ ಜೆಲಾಟಿನ್ ಆಗುತ್ತದೆ.

ಒಂದು ಕೆಜಿ ತುಂಡಿಗೆ ನಾನು ದಪ್ಪ ತಳದ ಪಾತ್ರೆ ಇಡುತ್ತೇನೆ. ಎಣ್ಣೆಯಲ್ಲಿ ತುಂಡುಗಳನ್ನು ಕೆಂಪಗೆ ಹುರಿದು ತೆಗೆದು, ಅದೇ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು ಹಾಕಿ ಬಾಡಿಸಿ, ತುಂಡುಗಳನ್ನು ಮತ್ತೆ ಸೇರಿಸುತ್ತೇನೆ. ಬಿಸಿನೀರು ತುಂಡಿನ ಅರ್ಧ ಎತ್ತರಕ್ಕೆ ಬಂದರೆ ಸಾಕು. ಮೇಲೆ ತಟ್ಟೆ ಮುಚ್ಚಿ, ತಟ್ಟೆಗೆ ಸ್ವಲ್ಪ ತಣ್ಣೀರು ಹಾಕಬೇಕು. ಒಳಗಿನ ಆವಿ ತಣ್ಣನೆ ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ನಮ್ಮ ಅಜ್ಜಿ ಹೀಗೇ ಮಾಡುತ್ತಿದ್ದರು.

ಉರಿ ಎಷ್ಟಿರಬೇಕು? ಮುಚ್ಚಳ ಎತ್ತಿದಾಗ ನೀರು ಕೊತಕೊತ ಕುದಿಯಬಾರದು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. ಸೌದೆ ಒಲೆಯಾದರೆ ಕೊಳ್ಳಿ ಹೊರಗೆಳೆದು ಕೆಂಡದ ಮೇಲೆ ಬಿಡಿ. ಒಮ್ಮೆ ನೆಂಟರು ಬಾಗಿಲಿಗೆ ಬಂದರೆಂದು ನಾನು ಉರಿ ಹೆಚ್ಚಿಸಿದೆ. ತುಂಡಿನ ಹೊರಗೆಲ್ಲ ಎಳೆಎಳೆ ಬಿಚ್ಚಿಕೊಂಡಿತು, ಒಳಗೆ ಒಣಗಿದ ಹಗ್ಗದಂತಿತ್ತು. ಬಿಸಿ ಜೋರಾದಷ್ಟೂ ಮಾಂಸದ ಎಳೆ ಬಿಗಿದುಕೊಂಡು ರಸ ಹಿಂಡಿಹಾಕುತ್ತದೆ, ನರ ಕರಗಲು ಮಾತ್ರ ಹೊತ್ತು ಬೇಕೇ ಬೇಕು.

ಬೆಂದಿದೆಯೋ ಇಲ್ಲವೋ ಅನ್ನುವುದನ್ನು ಗಡಿಯಾರ ಹೇಳುವುದಿಲ್ಲ, ಕೈ ಹೇಳುತ್ತದೆ. ಒಂದು ಗಂಟೆಗೆ ಬಣ್ಣ ತಿರುಗಿ ಬೆಂದ ಹಾಗೇ ಕಾಣುತ್ತದೆ. ಆಗ ತೊಳೆದ ಸ್ಟೀಲ್ ಕಡ್ಡಿ ಚುಚ್ಚಿ ಎತ್ತಿ ನೋಡಿ, ತುಂಡು ಕಡ್ಡಿಯ ಜೊತೆಗೇ ಮೇಲೆ ಬರುತ್ತದೆ. ಬಹಳ ಜನ ಮೋಸ ಹೋಗುವುದು ಇಲ್ಲೇ. ಇನ್ನೂ ಗಟ್ಟಿ, ಬೇಯಿಸಿದ್ದು ಹೆಚ್ಚಾಯಿತೇನೋ ಅಂತ ಒಲೆ ಆರಿಸಿಬಿಡುತ್ತಾರೆ. ದಯವಿಟ್ಟು ಆರಿಸಬೇಡಿ, ಅದಿನ್ನೂ ಅರ್ಧ ದಾರಿ. ಅರ್ಧ ಗಂಟೆಗೊಮ್ಮೆ ಚುಚ್ಚಿ ನೋಡುತ್ತಿರಿ. ಎರಡೂವರೆಯಿಂದ ಮೂರು ಗಂಟೆಯ ಹೊತ್ತಿಗೆ ಕಡ್ಡಿ ತಡೆಯಿಲ್ಲದೆ ಇಳಿದು, ತುಂಡನ್ನು ಅಲ್ಲೇ ಬಿಟ್ಟು ಹೊರಬರುತ್ತದೆ. ಮೂಳೆಯ ತುದಿಯಿಂದ ಮಾಂಸ ಹಿಂದೆ ಸರಿದಿರುತ್ತದೆ, ಮೂಳೆ ಹಿಡಿದು ತಿರುಗಿಸಿದರೆ ಸಡಿಲವಾಗಿ ತಿರುಗುತ್ತದೆ. ರಸ ಒಂದು ಹನಿ ಆರಿಸಿ ಎರಡು ಬೆರಳ ನಡುವೆ ಒತ್ತಿದರೆ ಅಂಟುತ್ತದೆ.

ಕುಕ್ಕರಿನಲ್ಲಿ ಬೇಗ ಆಗುತ್ತದೆ, ನಿಜ. ಆದರೆ ನಡುವೆ ಚುಚ್ಚಿ ನೋಡಲಾಗದು. ಇನ್ನು, ನರವಿಲ್ಲದ ಬರೀ ಕೆಂಪು ಮಾಂಸಕ್ಕೆ ಈ ಕ್ರಮ ಬೇಡ. ಕರಗಲು ಒಳಗೆ ಏನೂ ಇಲ್ಲದೆ ಒಣಗುತ್ತದೆ.

ಇಳಿಸಿದ ಮೇಲೆ ಅರ್ಧ ಗಂಟೆ ರಸದಲ್ಲೇ ಬಿಡಿ. ಉಳಿದ ರಸವನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿ ಚಮಚದಲ್ಲಿ ನಡುಗುತ್ತಿರುತ್ತದೆ. ಬಿಸಿ ಮಾಡಿ ಅಕ್ಕಿ ರೊಟ್ಟಿಗೆ ಹಾಕಿಕೊಳ್ಳಿ.