ಪುಸ್ತಕ ಮುಚ್ಚಿದ ಮೇಲೆ ಎಷ್ಟು ಉಳಿಯುತ್ತದೆ? ಮರು ಓದು ಮತ್ತು ಆಕ್ಟಿವ್ ರೀಕಾಲ್

(ದೃಶ್ಯ: ಮಳೆ ಹನಿಗಳ ಆಚೆ ಕಾಣುವ ರಸ್ತೆ, ತೀರ್ಥಹಳ್ಳಿ ಬಸ್ಸಿನ ಕಿಟಕಿ.)

ನಮಸ್ಕಾರ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾರವಾರವೂ ಓಡಾಡುವವರಿಗೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲವೂ ಕಂಡ ಕೂಡಲೇ ಗುರುತು ಸಿಗುತ್ತವೆ. ಆದರೆ ಅವರ ಕೈಗೆ ಒಂದು ಖಾಲಿ ಹಾಳೆ ಕೊಟ್ಟು, ದಾರಿಯ ನಿಲ್ದಾಣಗಳನ್ನೆಲ್ಲ ಕ್ರಮವಾಗಿ ಬರೆಯಿರಿ ಎಂದರೆ ನಾಲ್ಕೈದು ಹೆಸರಿನ ನಂತರ ಪೆನ್ನು ನಿಂತುಬಿಡುತ್ತದೆ. ಕಂಡದ್ದನ್ನು ಗುರುತಿಸುವುದು ಒಂದು ಕೆಲಸ, ಕಾಣದಿರುವುದನ್ನು ಮನಸ್ಸಿನಿಂದ ಹೊರತೆಗೆಯುವ ಆಕ್ಟಿವ್ ರೀಕಾಲ್ ಬೇರೆಯೇ ಕೆಲಸ. ಪುಸ್ತಕವನ್ನು ಮತ್ತೆ ಮತ್ತೆ ಓದುವಾಗ ನಾವು ಮೊದಲನೆಯದನ್ನು ಅಭ್ಯಾಸ ಮಾಡುತ್ತೇವೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಮ್ಮಿಂದ ಕೇಳುವುದು ಎರಡನೆಯದನ್ನು.

ನನ್ನ ಚಿಕ್ಕಮ್ಮನ ಮಗಳು ಈಗ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದಾಳೆ. ಕಳೆದ ಮಳೆಗಾಲದ ಒಂದು ಭಾನುವಾರ ಮನೆಗೆ ಬಂದವಳು ಅನಾಟಮಿ ಪುಸ್ತಕವನ್ನು ಜಗಲಿಯ ಮೇಲಿಟ್ಟು, "ಅಣ್ಣಾ, ಬ್ರೇಕಿಯಲ್ ಪ್ಲೆಕ್ಸಸ್ ನಾಲ್ಕು ಸಲ ಓದಿದ್ದೇನೆ, ಆದರೂ ವೈವಾದಲ್ಲಿ ಬಾಯಿ ಕಟ್ಟಿಹೋಯಿತು" ಎಂದಳು. ಪುಟ ತೆರೆದು ನೋಡಿದರೆ ಹೈಲೈಟರ್ ಬಣ್ಣ ಹತ್ತದ ಸಾಲು ಹುಡುಕಬೇಕಿತ್ತು. ಪುಸ್ತಕ ಮುಚ್ಚಿ, ಹಿಂದಿನ ವರ್ಷದ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ಕುತ್ತಿಗೆಯಿಂದ ತೋಳಿಗೆ ಹೋಗುವ ಆ ನರಜಾಲವನ್ನು ಬರೆಯಲು ಹೇಳಿದೆ.

(ಪರದೆಯ ಮೇಲೆ: ಖಾಲಿ ಹಾಳೆ, ಹೇಳಿದಂತೆ ಗೆರೆಗಳು ಮೂಡುತ್ತವೆ.)

ಬೆನ್ನುಹುರಿಯಿಂದ ಹೊರಡುವ ನರಗಳಲ್ಲಿ ಸಿ5ರಿಂದ ಟಿ1ರವರೆಗೆ ಐದು ರೂಟ್‌ಗಳನ್ನು ಸರಿಯಾಗಿ ಬರೆದಳು. ಸಿ5, ಸಿ6 ಸೇರಿ ಅಪ್ಪರ್ ಟ್ರಂಕ್, ಸಿ7 ಒಂದೇ ಮಿಡಲ್ ಟ್ರಂಕ್, ಸಿ8, ಟಿ1 ಸೇರಿ ಲೋವರ್ ಟ್ರಂಕ್ ಎಂಬುದೂ ಬಂತು. ಅಲ್ಲಿಂದ ಮುಂದೆ ಕೈ ತಡೆಯಿತು. ಸ್ವಲ್ಪ ಹೊತ್ತು ಯೋಚಿಸಿ, ಪೋಸ್ಟೀರಿಯರ್ ಕಾರ್ಡನ್ನು ಲೋವರ್ ಟ್ರಂಕಿನಿಂದ ಮಾತ್ರ ಎಳೆದಳು. ನಾಲ್ಕು ಓದಿನಲ್ಲೂ ಆ ಚಿತ್ರ ಅವಳ ಕಣ್ಣ ಮುಂದೆ ಹಾದುಹೋಗಿತ್ತು, ಪ್ರತಿ ಸಲವೂ "ಹೌದು, ಇದು ಗೊತ್ತು" ಎನ್ನಿಸಿತ್ತು. ತಪ್ಪು ಎಲ್ಲಿದೆ ಎಂದು ತೋರಿಸಿದ್ದು ಆ ಖಾಲಿ ಹಾಳೆ. ಮರು ಓದಿನ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದೇ: ಓದುಗನಿಗೆ ಏನು ಬರುವುದಿಲ್ಲ ಎಂಬುದನ್ನು ಅದು ಹೇಳುವುದೇ ಇಲ್ಲ.

ಈ ಭ್ರಮೆಯನ್ನು ಅಳತೆಗೆ ಸಿಗುವಂತೆ ತೋರಿಸಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕದೊಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಗಳಲ್ಲೂ ಅದನ್ನು ಓದಿತು. ಮತ್ತೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಗೆದ್ದವರು ಓದಿದವರೇ: ಅವರಿಗೆ ಶೇಕಡ 83 ಭಾಗ ನೆನಪಿತ್ತು, ಬರೆದವರಿಗೆ ಶೇಕಡ 71. ಒಂದು ವಾರ ಬಿಟ್ಟು ಪರೀಕ್ಷಿಸಿದವರಲ್ಲಿ ಲೆಕ್ಕ ತಿರುಗಿತ್ತು. ಓದಿದವರಲ್ಲಿ ಸುಮಾರು ಶೇಕಡ 40, ಬರೆದವರಲ್ಲಿ ಶೇಕಡ 61. ಒಂದು ವಾರದ ನಂತರ ತಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದಾಗ ಹೆಚ್ಚು ಭರವಸೆ ತೋರಿದ್ದವರು ಮಾತ್ರ ಓದಿದ ಗುಂಪಿನವರು.

ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಬರೆದು ಬಂದವರಿಗೆ ಮರು ಓದು ಏಕೆ ಚೆನ್ನಾಗಿಯೇ ಕೆಲಸ ಮಾಡಿದಂತೆ ಕಾಣುತ್ತದೆ ಎಂಬುದಕ್ಕೆ ಆ ಐದು ನಿಮಿಷದ ಅಂಕಿಯಲ್ಲಿ ಸುಳಿವಿದೆ. ಪಿಯುಸಿಯಲ್ಲಿ ಅದರಿಂದಲೇ ಒಳ್ಳೆಯ ಅಂಕ ಬಂದಿರುತ್ತದೆ, ಆದ್ದರಿಂದ ಬಿಡಲು ಮನಸ್ಸು ಒಪ್ಪುವುದಿಲ್ಲ. ಆದರೆ ಬ್ರೇಕಿಯಲ್ ಪ್ಲೆಕ್ಸಸ್ ಒಂದೇ ರಾತ್ರಿಯ ವಿಷಯವಲ್ಲ. ಅದು ಡಿಸೆಕ್ಷನ್ ಹಾಲಿನಲ್ಲಿ ಬೇಕು, ವರ್ಷದ ಕೊನೆಯಲ್ಲಿ ಬೇಕು, ಮುಂದೆ ಆರ್ಥೋಪೆಡಿಕ್ಸ್ ವಾರ್ಡಿನಲ್ಲೂ ಬೇಕು.

ಇನ್ನು ತಂಗಿಯ ಹಾಳೆಗೆ ಮರಳೋಣ. ತಪ್ಪು ಕಂಡ ಮೇಲೆ ಅಧ್ಯಾಯವನ್ನು ಮೊದಲಿನಿಂದ ಓದುವ ಅಗತ್ಯವಿರಲಿಲ್ಲ. ಡಿವಿಷನ್‌ಗಳ ಬಗೆಗಿನ ಒಂದು ಪ್ಯಾರಾ ಮಾತ್ರ ಓದಲು ಹೇಳಿದೆ. ಮೂರು ಟ್ರಂಕ್‌ಗಳು ತಲಾ ಎರಡಾಗಿ ಸೀಳಿದರೆ ಆರು ಡಿವಿಷನ್. ಹಿಂದಿನ ಮೂರೂ ಕೂಡಿ ಪೋಸ್ಟೀರಿಯರ್ ಕಾರ್ಡ್. ಮುಂದಿನ ಮೂರರಲ್ಲಿ ಮೇಲಿನ ಎರಡು ಸೇರಿ ಲ್ಯಾಟರಲ್ ಕಾರ್ಡ್, ಕೆಳಗಿನದೊಂದೇ ಮುಂದುವರಿದು ಮೀಡಿಯಲ್ ಕಾರ್ಡ್. ನಂತರ ಮತ್ತೆ ಪುಸ್ತಕ ಮುಚ್ಚಿ, ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆಸಿದೆ. ಪುಸ್ತಕದೊಂದಿಗೆ ಹೋಲಿಸಿ ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿದಳು. ಈ ತಿದ್ದುವ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ತಪ್ಪನ್ನೇ ನಾಲ್ಕು ಬಾರಿ ನೆನಪಿಸಿಕೊಂಡರೆ ತಪ್ಪೇ ಗಟ್ಟಿಯಾಗುತ್ತದೆ.

ಚಿತ್ರ ಬರುವಂತಾದ ಮೇಲೆ ಪ್ರಶ್ನೆಯ ರೂಪವನ್ನು ಬದಲಿಸಿದೆವು. "ಪೋಸ್ಟೀರಿಯರ್ ಕಾರ್ಡಿನ ಶಾಖೆಗಳು ಯಾವುವು" ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಕಾಗುತ್ತದೆ. ಬದಲಿಗೆ ಹೀಗೆ ಕೇಳಿದೆ: ಕಷ್ಟದ ಹೆರಿಗೆಯಲ್ಲಿ ಹುಟ್ಟಿದ ಮಗುವಿನ ಒಂದು ತೋಳು ದೇಹಕ್ಕೆ ಅಂಟಿದಂತೆ ಜೋತುಬಿದ್ದು ಒಳಮುಖವಾಗಿ ತಿರುಗಿದೆ, ಮೊಣಕೈ ಮಡಿಸುತ್ತಿಲ್ಲ, ಅಂಗೈ ಹಿಂದಕ್ಕೆ ನೋಡುತ್ತಿದೆ, ಪೆಟ್ಟು ಬಿದ್ದಿರುವುದು ಎಲ್ಲಿ? ಅವಳು ಹಾಳೆಯನ್ನು ನೋಡದೆ, ತೋಳನ್ನು ಎತ್ತುವ ಡೆಲ್ಟಾಯ್ಡ್, ಹೊರಕ್ಕೆ ತಿರುಗಿಸುವ ಇನ್‌ಫ್ರಾಸ್ಪೈನೇಟಸ್, ಮೊಣಕೈ ಮಡಿಸಿ ಅಂಗೈಯನ್ನು ಮೇಲ್ಮುಖ ಮಾಡುವ ಬೈಸೆಪ್ಸ್ ಎಂದು ಒಂದೊಂದಾಗಿ ಎಣಿಸುತ್ತ, ಇವೆಲ್ಲಕ್ಕೂ ಮುಖ್ಯವಾಗಿ ಸಿ5, ಸಿ6 ಎಂದು ಅಪ್ಪರ್ ಟ್ರಂಕಿಗೆ ಬಂದು ನಿಂತಳು. ಅದು ಎರ್ಬ್ಸ್ ಪಾಲ್ಸಿ. ಉತ್ತರಕ್ಕೆ ಐದಾರು ನಿಮಿಷ ಹಿಡಿಯಿತು, ನಡುವೆ ಎರಡು ಸಲ "ಗೊತ್ತಾಗುತ್ತಿಲ್ಲ ಅಣ್ಣಾ" ಎಂದಳು. ಆ ತಡಕಾಟ ವ್ಯರ್ಥವಾದ ಸಮಯವಲ್ಲ. ಪ್ರಯಾಸಪಟ್ಟು ಹೊರತೆಗೆದ ನೆನಪೇ ಮುಂದಿನ ಸಲ ಬೇಗ ಸಿಗುತ್ತದೆ. ಒಂದು ಮಾತು: ನಾಲ್ಕು ಆಯ್ಕೆಗಳಿರುವ ಎಂಸಿಕ್ಯೂ ರೂಪದಲ್ಲಿ ಇದನ್ನೇ ಕೇಳಿದ್ದರೆ ಎರ್ಬ್ಸ್ ಎಂಬ ಹೆಸರು ಕಂಡೊಡನೆ ಗುರುತು ಸಿಕ್ಕುಬಿಡುತ್ತಿತ್ತು, ಸ್ನಾಯುಗಳ ಲೆಕ್ಕ ನಡೆಯುತ್ತಲೇ ಇರಲಿಲ್ಲ.

ಈ ವಿಧಾನಕ್ಕೂ ಮಿತಿಯಿದೆ. ಒಮ್ಮೆಯೂ ಅರ್ಥವಾಗದ ಪಾಠವನ್ನು ನೆನಪಿಸಿಕೊಳ್ಳಲು ಹೊರಟರೆ ಹೊರಬರಲು ಒಳಗೆ ಏನೂ ಇರುವುದಿಲ್ಲ. ಆದ್ದರಿಂದ ಮೊದಲ ಓದು ನಿಧಾನವಾಗಿ, ಸಾಧ್ಯವಾದರೆ ಡಿಸೆಕ್ಷನ್ ಟೇಬಲ್ ಮುಂದೆ ನರವನ್ನು ಕಣ್ಣಾರೆ ಕಂಡು ಆಗಬೇಕು. ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿದರೆ ಅದು ಮತ್ತೊಮ್ಮೆ ಓದಬೇಕೆಂಬ ಸೂಚನೆ. ಆ ಓದು ಸುಮ್ಮನೆ ಸಾಗುವುದಿಲ್ಲ, ಏನನ್ನು ಹುಡುಕಬೇಕೆಂದು ತಿಳಿದೇ ಸಾಗುತ್ತದೆ.

(ಪರದೆಯ ಮೇಲೆ: ಸಾಲಾಗಿ ನಾಲ್ಕು ಹಾಳೆಗಳು; ಕೆಂಪು ಗುರುತುಗಳು ಕಡಿಮೆಯಾಗುತ್ತ ಹೋಗುತ್ತವೆ.)

ಅವಳು ಅದೇ ಚಿತ್ರವನ್ನು ಮರುದಿನ ಹಾಸ್ಟೆಲಿನಲ್ಲಿ, ಮತ್ತೆ ಮೂರು ದಿನ ಬಿಟ್ಟು, ಕೊನೆಗೆ ಮುಂದಿನ ಭಾನುವಾರ ಊರಿಗೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದಳು. ಬಸ್ಸಿನ ಕುಲುಕಾಟಕ್ಕೆ ಗೆರೆಗಳು ಸೊಟ್ಟಗಾಗಿದ್ದವು, ಆದರೆ ಕೆಂಪು ಗುರುತು ಒಂದೇ ಇತ್ತು: ಮೀಡಿಯಲ್ ಪೆಕ್ಟೋರಲ್ ನರವನ್ನು ಲ್ಯಾಟರಲ್ ಕಾರ್ಡಿಗೆ ಸೇರಿಸಿದ್ದಳು. ಎದೆಯ ಮೇಲೆ ಆ ನರ ಲ್ಯಾಟರಲ್ ಪೆಕ್ಟೋರಲ್ ನರಕ್ಕಿಂತ ಹೊರಬದಿಯಲ್ಲೇ ಕಾಣುತ್ತದೆ, ಹಾಗಾಗಿ ಗೊಂದಲ ಸಹಜ. ಅದರ ಹೆಸರು ಬಂದಿರುವುದು ಅದು ಹುಟ್ಟುವ ಕಾರ್ಡಿನಿಂದ. ಅದನ್ನು ಒಂದು ಚೀಟಿಯ ಮೇಲೆ ಪ್ರಶ್ನೆಯಾಗಿ ಬರೆದು, ಉತ್ತರವನ್ನು ಹಿಂಬದಿಯಲ್ಲಿ ಬರೆದು, ಪುಸ್ತಕದೊಳಗೆ ಇಟ್ಟುಕೊಂಡಳು.