ಓವನ್‌ನಲ್ಲಿ ಸುಮ್ಮನಿದ್ದ ಮೊಟ್ಟೆ ಬಾಯಿಗಿಟ್ಟಾಗ ಯಾಕೆ ಸಿಡಿಯಿತು?

[ತೆರೆಯ ಮೇಲೆ: ತಟ್ಟೆಯಲ್ಲಿ ಸಿಪ್ಪೆ ಸುಲಿದ ಒಂದು ಬೇಯಿಸಿದ ಮೊಟ್ಟೆ]

ನಮಸ್ಕಾರ. ನೋಡುಗರೊಬ್ಬರು ಕೇಳಿದ ಪ್ರಶ್ನೆ ಇದು. "ಸರ್, ಮೊಟ್ಟೆ ಓವನ್ ಒಳಗೆ ಸಿಡಿಯುತ್ತದೆ ಅಂತ ಗೊತ್ತು. ಆದರೆ ಬೇಯಿಸಿ, ಸಿಪ್ಪೆ ಸುಲಿದ ಮೊಟ್ಟೆಯನ್ನು ಬಿಸಿ ಮಾಡಿ ಹೊರಗೆ ತೆಗೆದ ಮೇಲೂ ಸಿಡಿಯುತ್ತದಂತೆ, ನಿಜಾನಾ?"

ನಿಜ. ಕೋರ್ಟ್ ಮೆಟ್ಟಿಲು ಹತ್ತಿದ ನಿಜ. ಅಮೆರಿಕದಲ್ಲಿ ಒಬ್ಬರು ಹೋಟೆಲ್‌ನಲ್ಲಿ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ಮೊಟ್ಟೆ ಕಚ್ಚಿದರು, ಅದು ಬಾಯಲ್ಲೇ ಸಿಡಿಯಿತು. ಬಾಯಿ ಸುಟ್ಟಿತು, ಕಿವಿ ಮಂದವಾಯಿತು ಅಂತ ಕೇಸು ಹಾಕಿದರು. ಬಾಯಿ ಸುಡೋದು ಸರಿ, ಕಿವಿಗೆ ಏನಾಗುತ್ತದೆ? ಅದಕ್ಕೆ ಬರೋಣ.

ಮೊದಲು ಓವನ್ ಬಗ್ಗೆ ಎರಡೇ ಮಾತು. ಒಳಗೆ ಮ್ಯಾಗ್ನೆಟ್ರಾನ್ ಅನ್ನೋ ಒಂದು ಕೊಳವೆ ಇದೆ. ಅದು ಹೊರಡಿಸುವ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ದಿಕ್ಕು ಬದಲಿಸಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ನೀರಿನ ಅಣುವಿನ ಒಂದು ಬದಿ ಸ್ವಲ್ಪ ಪ್ಲಸ್, ಇನ್ನೊಂದು ಬದಿ ಸ್ವಲ್ಪ ಮೈನಸ್. ಅಲೆ ತಿರುಗಿದ ಕಡೆ ತಾನೂ ತಿರುಗಲು ನೋಡುತ್ತದೆ, ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಆ ತಿಕ್ಕಾಟವೇ ಬಿಸಿ. ಅಷ್ಟೇ.

ಒಂದು ತಪ್ಪು ತಿಳಿವಳಿಕೆ ಮಾತ್ರ ತೆಗೆದುಬಿಡ್ತೀನಿ. ಮೈಕ್ರೋವೇವ್ "ಒಳಗಿನಿಂದ ಹೊರಗೆ" ಬೇಯಿಸುತ್ತದೆ ಅಂತಾರೆ. ಹಾಗಿಲ್ಲ. ಅಲೆ ಹೊರಗಿನಿಂದಲೇ ಹೋಗುತ್ತದೆ. ನೀರಿರುವ ಆಹಾರದಲ್ಲಿ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಅದರ ಶಕ್ತಿಯ ಬಹುಪಾಲು ಖರ್ಚಾಗಿರುತ್ತದೆ. ದೊಡ್ಡ ಡಬ್ಬಿಯ ಅನ್ನ ಅಂಚಲ್ಲಿ ಸುಡುತ್ತದೆ, ನಡುವೆ ತಣ್ಣಗಿರುತ್ತದೆ, ಅಲ್ವಾ? ಕಾರಣ ಅದೇ.

ಈಗ ಮೊಟ್ಟೆಯ ಅಳತೆ ನೋಡಿ. ದಪ್ಪ ಸುಮಾರು ನಾಲ್ಕು ಸೆಂಟಿಮೀಟರ್. ಯಾವ ಕಡೆಯಿಂದ ಹೋದರೂ ನಡುವಿಗೆ ಎರಡು ಸೆಂಟಿಮೀಟರ್. ಅಲೆ ಎಲ್ಲ ಕಡೆಯಿಂದಲೂ ಬರುತ್ತದೆ, ನಡುವಿನ ಹಳದಿಯವರೆಗೂ ತಲುಪುತ್ತದೆ. ಮೊಟ್ಟೆಯ ದುರದೃಷ್ಟ ಇಷ್ಟೇ: ಅದರ ಸೈಜು ಹಾಗಿದೆ.

[ತೆರೆಯ ಮೇಲೆ: ಅರ್ಧಕ್ಕೆ ಕತ್ತರಿಸಿದ ಮೊಟ್ಟೆ, ಹಳದಿಯ ಮೇಲೆ ಕ್ಯಾಮೆರಾ ಹತ್ತಿರ]

ಚಿಪ್ಪು ಇರುವ ಹಸಿ ಮೊಟ್ಟೆ ಸಿಡಿಯುವುದು ಯಾರಿಗಾದರೂ ಅರ್ಥ ಆಗುತ್ತದೆ. ಹಬೆಗೆ ದಾರಿ ಇಲ್ಲ, ಒತ್ತಡ ಏರುತ್ತದೆ, ಚಿಪ್ಪು ಒಡೆಯುತ್ತದೆ. ಆದರೆ ಸುಲಿದ ಮೊಟ್ಟೆಗೆ ಚಿಪ್ಪೇ ಇಲ್ಲವಲ್ಲ?

ಆ ಕೋರ್ಟ್ ಕೇಸಿನ ಸಲುವಾಗಿ ಆಂಟನಿ ನ್ಯಾಶ್ ಮತ್ತು ಲಾರೆನ್ ವಾನ್ ಬ್ಲೋನ್ ಎಂಬ ಇಬ್ಬರು ಶಬ್ದತಜ್ಞರು ಹತ್ತಿರ ಹತ್ತಿರ ನೂರು ಮೊಟ್ಟೆಗಳನ್ನು ಸಿಡಿಸಲು ಕೂತರು. ಸಂಬಳ ತಗೊಂಡು ಮೊಟ್ಟೆ ಸಿಡಿಸುವ ಕೆಲಸ! 2017ರಲ್ಲಿ ಫಲಿತಾಂಶ ಹೇಳಿದರು. ಬೇಯಿಸಿದ ಮೊಟ್ಟೆಯನ್ನು ನೀರಲ್ಲಿಟ್ಟು ಮೈಕ್ರೋವೇವ್ ಮಾಡಿ, ಹೊರಗೆ ತೆಗೆದು ಚೂಪಾದ ವಸ್ತುವಿನಿಂದ ಚುಚ್ಚಿದರು. ಓವನ್ ಒಳಗೆ ಒಡೆಯದೆ ಉಳಿದವುಗಳಲ್ಲಿ ಮೂರರಲ್ಲಿ ಒಂದಕ್ಕೆ ಸ್ವಲ್ಪ ಕಡಿಮೆ ಮೊಟ್ಟೆಗಳು ಚುಚ್ಚಿದಾಗ ಸಿಡಿದವು. ಒಂದಡಿ ದೂರದಲ್ಲಿ ಶಬ್ದ 86ರಿಂದ 133 ಡೆಸಿಬೆಲ್. ಮೇಲಿನ ಅಂಕಿ ಕಿವಿ ನೋಯುವ ಮಟ್ಟದ್ದು.

ಅವರು ಅಳೆದ ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. ಹಳದಿಯ ಬಿಸಿ ಸುತ್ತಲಿನ ನೀರಿಗಿಂತ ಯಾವಾಗಲೂ ಹೆಚ್ಚಿತ್ತು. ಹಳದಿಯ ತೂಕದಲ್ಲಿ ಅರ್ಧದಷ್ಟು ನೀರು. ಬೆಂದಾಗ ಪ್ರೋಟೀನು ಗಟ್ಟಿಯಾಗಿ, ಆ ನೀರು ಅಲ್ಲಲ್ಲಿ ಪುಟ್ಟ ಪುಟ್ಟ ಗೂಡುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಗುಳ್ಳೆ ಏಳಲು ಜಾಗ ಇರುವುದಿಲ್ಲ ಅನ್ನೋದು ಅವರ ವಿವರಣೆ. ಗುಳ್ಳೆ ಏಳದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನೀರಾಗಿಯೇ ಉಳಿಯಬಲ್ಲದು.

ಕೈಯಲ್ಲಿ ಪೆನ್ನು ಇದ್ದರೆ ನನ್ನ ಜೊತೆ ಲೆಕ್ಕ ಹಾಕಿ. ಒಂದು ಹಳದಿಯಲ್ಲಿ ಸುಮಾರು 8 ಗ್ರಾಂ ನೀರು. ಅದು 110 ಡಿಗ್ರಿಗೆ ಏರಿ ಸುಮ್ಮನೆ ಕೂತಿದೆ ಅಂದುಕೊಳ್ಳಿ. ಹತ್ತು ಡಿಗ್ರಿ ಜಾಸ್ತಿ ಅಂದರೆ 80 ಕ್ಯಾಲೊರಿ ಹೆಚ್ಚುವರಿ ಬಿಸಿ. ಒಂದು ಗ್ರಾಂ ನೀರು ಹಬೆಯಾಗಲು ಬೇಕಾದ್ದು 540 ಕ್ಯಾಲೊರಿ. ಅಂದರೆ 0.15 ಗ್ರಾಂ ನೀರು ತಕ್ಷಣ ಹಬೆಯಾಗಬಹುದು. ಬಹಳ ಕಡಿಮೆ ಅನ್ನಿಸಿತಾ? ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಹಾಗಾಗಿ ಆ 0.15 ಗ್ರಾಮಿಗೆ ಬೇಕಾದ್ದು ಕಾಲು ಲೀಟರ್!

ಮೂರು ಚಮಚದಲ್ಲಿ ಹಿಡಿಸುವ ಹಳದಿಯ ಒಳಗಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ದೊಡ್ಡ ಲೋಟದ ತುಂಬ ಹಬೆ. ಇದು ಅಂದಾಜು ಲೆಕ್ಕ. ಎಲ್ಲ ಗೂಡುಗಳೂ ಒಂದೇ ಸಮ ಬಿಸಿಯಾಗಿರುವುದಿಲ್ಲ, ಅದಕ್ಕೇ ಎಲ್ಲ ಮೊಟ್ಟೆಯೂ ಸಿಡಿಯುವುದಿಲ್ಲ.

ಶುರು ಮಾಡುವುದು ನಿಮ್ಮ ಹಲ್ಲು. ಒಂದು ಗೂಡು ಒಡೆದರೆ ಅಲ್ಲಿಯ ನೀರು ಹಬೆಯಾಗಿ ಪಕ್ಕದ ಗೂಡನ್ನು ಒಡೆಯುತ್ತದೆ, ಅದು ಮುಂದಿನದನ್ನು. ಪಟಾಕಿ ಸರದ ತುದಿಗೆ ಕಿಡಿ ಸೋಕಿದ ಹಾಗೆ. ಫೋರ್ಕ್‌ನಿಂದ ಚುಚ್ಚಿ ನೋಡ್ತೀನಿ ಅಂತ ಮುಖ ಹತ್ತಿರ ತರಬೇಡಿ, ಆ ಪ್ರಯೋಗ ಆಗಲೇ ಮುಗಿದಿದೆ. ಬಿಸಿ ಮಾಡಲೇಬೇಕಿದ್ದರೆ ಹಳದಿಯನ್ನೂ ಸೇರಿಸಿ ಚೂರು ಮಾಡಿ, ಮುಚ್ಚಿ, ಕಡಿಮೆ ಪವರ್‌ನಲ್ಲಿಡಿ. ಅಥವಾ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಬಿಡಿ. ಅದೇ ಸುಲಭ.

[ತೆರೆಯ ಮೇಲೆ: ಗಡಿಯಾರ. ಪಕ್ಕದಲ್ಲಿ ಫೋರ್ಕ್, ಚಮಚ, ಚಿನ್ನದಂಚಿನ ಕಪ್]

ಮೊಟ್ಟೆಯಲ್ಲೇ ಟೈಮ್ ಹೋಯಿತು. ಲೋಹದ ಕಥೆ ಬೇಗ ಬೇಗ ಹೇಳ್ತೀನಿ.

"ಓವನ್ ಗೋಡೆಯೇ ಲೋಹ, ಮತ್ತೆ ನನ್ನ ಫೋರ್ಕ್ ಏನು ತಪ್ಪು ಮಾಡಿತು?" ಒಳ್ಳೆ ಪ್ರಶ್ನೆ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಆರಾಮಾಗಿ ಓಡಾಡುತ್ತವೆ, ಅಲೆ ಬಡಿದರೆ ಅದನ್ನು ವಾಪಸ್ ಕಳಿಸುತ್ತವೆ. ನುಣುಪಾದ, ದಪ್ಪ ಗೋಡೆಗೆ ಇದರಿಂದ ತೊಂದರೆ ಇಲ್ಲ. ಫೋರ್ಕ್‌ನ ಚೂಪು ತುದಿಯಲ್ಲಿ ಮಾತ್ರ ವಿದ್ಯುತ್ ಬಲ ಒಟ್ಟಾಗುತ್ತದೆ. ಅದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮುಟ್ಟಿದರೆ ಗಾಳಿಯೇ ಸೀಳಿ ಕಿಡಿ ಹಾರುತ್ತದೆ. ಮುದುರಿದ ಫಾಯಿಲ್ ಅಂದರೆ ನೂರಾರು ಚೂಪು ತುದಿಗಳು. ಕಪ್ಪಿನ ಚಿನ್ನದಂಚು ತೀರಾ ತೆಳು, ಅದರಲ್ಲಿ ಹರಿಯುವ ಕರೆಂಟಿಗೆ ಕಾದು ಸುಟ್ಟೇ ಹೋಗುತ್ತದೆ. ದುಂಡು ಅಂಚಿನ ದಪ್ಪ ಚಮಚ ಒಂದೇ ಇದ್ದರೆ ಎಷ್ಟೋ ಸಲ ಏನೂ ಆಗುವುದಿಲ್ಲ, ಹಾಗಂತ ಇಡಬೇಡಿ. ಗೋಡೆಗೆ ಹತ್ತಿರ ಹೋದರೆ ಆ ಸಂದಿನಲ್ಲೇ ಕಿಡಿ. ಇನ್ನು ಮುಚ್ಚಿದ ಸ್ಟೀಲ್ ಡಬ್ಬಿ: ಅಲೆ ಒಳಗೇ ಹೋಗುವುದಿಲ್ಲ, ಸಾರು ತಣ್ಣಗೇ ಇರುತ್ತದೆ, ವಾಪಸ್ ಹೋದ ಅಲೆ ಮ್ಯಾಗ್ನೆಟ್ರಾನನ್ನೇ ಕಾಯಿಸುತ್ತದೆ. ಕನ್ವೆಕ್ಷನ್ ಓವನ್ ಜೊತೆ ಬರುವ ಲೋಹದ ಸ್ಟ್ಯಾಂಡ್? ಯಾವ ಮೋಡ್‌ನಲ್ಲಿ ಇಡಬಹುದು ಅಂತ ಕೈಪಿಡಿಯಲ್ಲಿದೆ. ಬರೀ ಮೈಕ್ರೋ ಮೋಡ್‌ನಲ್ಲಿ ಸಾಮಾನ್ಯವಾಗಿ ಬೇಡ.

ಕೊನೆಯದು, ಇದನ್ನೂ ತುಂಬಾ ಜನ ಕೇಳ್ತಾರೆ. ಲೋಹವೇ ಇಟ್ಟಿಲ್ಲ, ಆದರೂ ಚಟಚಟ ಅಂತ ಕಿಡಿ. ಓವನ್ ಒಳಗೆ ಪಕ್ಕದ ಗೋಡೆ ನೋಡಿ. ರಟ್ಟಿನ ಹಾಳೆ ಥರದ್ದೊಂದು ಕಾಣುತ್ತದೆ. ಅದು ರಟ್ಟಲ್ಲ, ಮೈಕಾ ಶೀಟ್, ಅಲೆ ಒಳಗೆ ಬರುವ ದಾರಿಯ ಮುಚ್ಚಳ. ಅದರ ಮೇಲೆ ಎಣ್ಣೆ, ಸಾಂಬಾರು ಸಿಡಿದು ಸುಟ್ಟು ಕರಿಯಾದರೆ, ಆ ಕರಿಯಲ್ಲೂ ಕರೆಂಟು ಹರಿಯುತ್ತದೆ. ಕಿಡಿ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತಿದ್ದರೆ ಅನುಮಾನ ಇದರ ಮೇಲೆ. ಪ್ಲಗ್ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಪ್ಪು ತೂತು ಬಿದ್ದಿದ್ದರೆ ಶೀಟ್ ಬದಲಾಯಿಸುವವರೆಗೆ ಓವನ್ ಆನ್ ಮಾಡಬೇಡಿ.