ಸಾಂಬಾರ್ ಇಂಡಕ್ಷನ್ನಿಗೆ, ದೋಸೆ ಗ್ಯಾಸಿಗೆ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಒಂದು ದರ್ಶಿನಿಯ ಅಡುಗೆಮನೆ ಎಂದುಕೊಳ್ಳಿ. 40 ಲೀಟರ್ ಸಾಂಬಾರ್ ಕುದಿಯಬೇಕು. ಗ್ಯಾಸ್ ಒಲೆಯಲ್ಲಿ ಉರಿಯ ಅರ್ಧಕ್ಕೂ ಹೆಚ್ಚು ಪಾತ್ರೆಯ ಪಕ್ಕದಿಂದ ಮೇಲೆ ಹೋಗಿ ಅಡುಗೆಯವರ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ಒಂದು ಡಬರಿಗೆ ಸುಮಾರು 570 ಗ್ರಾಂ ಗ್ಯಾಸ್ ಬೇಕು. 19 ಕೆಜಿ ಸಿಲಿಂಡರಿಗೆ 1,800 ರೂಪಾಯಿ ಎಂದು ಹಿಡಿದರೆ 54 ರೂಪಾಯಿ ಆಯಿತು. ಇಂಡಕ್ಷನ್ನಿನಲ್ಲಿ ಬಿಸಿಯಾಗುವುದು ಪಾತ್ರೆಯ ತಳವೇ. 4 ಯೂನಿಟ್ಟಿಗೂ ಕಡಿಮೆ ಸಾಕು. ಯೂನಿಟ್ಟಿಗೆ 8 ರೂಪಾಯಿಯಂತೆ 31 ರೂಪಾಯಿ.

ಇಷ್ಟು ಕೇಳಿ ಇಂಡಕ್ಷನ್ ತರಲು ಹೊರಡಬೇಡಿ. 5 ಕಿಲೋವ್ಯಾಟ್ ಒಲೆ ಇಟ್ಟರೆ ಮಂಜೂರಾದ ಲೋಡ್ ಅಷ್ಟೇ ಏರಿಸಬೇಕಾಗಬಹುದು. ಆಗ ಒಲೆ ಹಚ್ಚಿದರೂ ಹಚ್ಚದಿದ್ದರೂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬರುತ್ತದೆ. ಕಿಲೋವ್ಯಾಟಿಗೆ ತಿಂಗಳಿಗೆ 200 ರೂಪಾಯಿ ಎಂದರೆ ಒಟ್ಟು ಸಾವಿರ. ದಿನಕ್ಕೆ ಒಂದೇ ಡಬರಿ ಕುದಿಸಿದರೆ ಅದರ ಮೇಲೆ 33 ರೂಪಾಯಿ ಬಿದ್ದು, ಇಂಡಕ್ಷನ್ 64ಕ್ಕೇರಿ ಗ್ಯಾಸಿಗಿಂತ ದುಬಾರಿ. ನಾಲ್ಕು ಡಬರಿ ಕುದಿಸಿದರೆ 39 ರೂಪಾಯಿ. ಇಂಡಕ್ಷನ್ ದಿನಕ್ಕೆ ಒಂದಕ್ಕಿಂತ ಹೆಚ್ಚು ಡಬರಿ ಕುದಿಸುವ ಅಡುಗೆಮನೆಗೆ ಮಾತ್ರ ಅಗ್ಗ. ನಿಮ್ಮ ಬಿಲ್ಲಿನ ದರ ಹಾಕಿ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಜನರೇಟರ್ ಹಾಕಿದ ಗಂಟೆಗಳಲ್ಲಿ ಈ ಲಾಭವೆಲ್ಲ ಡೀಸೆಲ್ಲಿಗೆ ಹೋಗುತ್ತದೆ.

ಪಾತ್ರೆಯ ಮಾತಿಗೆ ಬರೋಣ. ಅಲ್ಯೂಮಿನಿಯಂ ಡಬರಿ ನಡೆಯದು. ತಳಕ್ಕೆ ಆಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಬೇಕು. ತಳ ಉಬ್ಬಿದ ಪಾತ್ರೆಯೂ ಬೇಡ, ನಡುವೆ ಸಂದು ಬಿದ್ದಷ್ಟೂ ಕಾವು ಕುಗ್ಗುತ್ತದೆ. ಒಲೆ ಪದೇ ಪದೇ ತಾನಾಗಿ ನಿಲ್ಲುತ್ತಿದ್ದರೆ ಕೆಟ್ಟಿದೆ ಎನ್ನುವ ಮೊದಲು ಕೆಳಗಿನ ಗಾಳಿ ಜಾಲರಿ ನೋಡಿ. ಎಣ್ಣೆ ಜಿಡ್ಡಿಗೆ ಹಿಟ್ಟಿನ ಪುಡಿ ಮೆತ್ತಿಕೊಂಡರೆ ಫ್ಯಾನಿಗೆ ಗಾಳಿ ಸಿಗದೆ ಒಳಗಿನ ಎಲೆಕ್ಟ್ರಾನಿಕ್ಸ್ ಕಾಯುತ್ತದೆ.

ದೋಸೆ ಕಾವಲಿ ಮಾತ್ರ ಗ್ಯಾಸಿನ ಮೇಲೇ ಇರಲಿ. ಸಾಮಾನ್ಯ ಇಂಡಕ್ಷನ್ ಒಲೆಯ ಕಾವು ಕಾಯಿಲ್ ಇರುವ ದುಂಡನೆಯ ಜಾಗದಲ್ಲೇ ಏಳುತ್ತದೆ. ಮೂರಡಿ ಕಬ್ಬಿಣದ ಕಾವಲಿಯಲ್ಲಿ ನಡುವಿನ ದೋಸೆ ಸೀಯುವ ಹೊತ್ತಿಗೆ ಅಂಚಿನದು ಬಿಳಿಯಾಗಿಯೇ ಇರುತ್ತದೆ. ಸಾಲು ಬರ್ನರ್ ಇದ್ದರೆ ಅಂಚಿಗೂ ಉರಿ ಸಿಗುತ್ತದೆ, ನೀರು ಚಿಮುಕಿಸಿ ತಣಿದ ಜಾಗ ಮತ್ತೆ ಬೇಗ ಕಾಯುತ್ತದೆ. ಸಾಂಬಾರ್ ಕುದಿ ಬಂದ ಮೇಲೆ ತಳ ಹಿಡಿಯದಂತೆ ಸಣ್ಣ ಕಾವಿನಲ್ಲಿ ಇಡಲು ಇಂಡಕ್ಷನ್ನೇ ಸರಿ.

ಸುರಕ್ಷತೆಯಲ್ಲಿ ಎರಡಕ್ಕೂ ಅದರದರ ಅಪಾಯವಿದೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಮೂಲೆಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಸೋರಿಕೆ ಎಚ್ಚರಿಸುವ ಉಪಕರಣ ಸೂರಿನಲ್ಲಲ್ಲ, ನೆಲದ ಹತ್ತಿರ ಇರಬೇಕು. ಪೈಪ್ ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ವಾಲ್ವ್ ಮುಚ್ಚಿ. ಇಂಡಕ್ಷನ್ನಿನ ಶತ್ರು ನೀರು. ರಾತ್ರಿ ನೆಲಕ್ಕೆ ಪೈಪ್ ಹಿಡಿದು ತೊಳೆಯುವ ಅಡುಗೆಮನೆಯಲ್ಲಿ ಒಲೆ ಎತ್ತರದಲ್ಲಿರಲಿ, ಸರಿಯಾದ ಅರ್ಥಿಂಗ್ ಮತ್ತು ಸೋರುವ ಕರೆಂಟ್ ಕಂಡೊಡನೆ ಕಡಿತ ಮಾಡುವ ಬ್ರೇಕರ್ ಇರಲಿ. 5 ಕಿಲೋವ್ಯಾಟ್ ಸಿಂಗಲ್ ಫೇಸ್‌ನಲ್ಲಿ 22 ಆಂಪಿಯರ್ ಎಳೆಯುತ್ತದೆ, ಗ್ರೈಂಡರಿನ 16 ಆಂಪಿಯರ್ ಪ್ಲಗ್ಗಿಗೆ ಅದನ್ನು ಸಿಕ್ಕಿಸಬೇಡಿ.